ಶೀರ್ಷಿಕೆಗೆ ಜಾಗ ಬಿಡುವ ಮುಖಪುಟ: ಚಿತ್ರ ರಚಿಸುವ ಯಂತ್ರಕ್ಕೆ ಸೂಚನೆ ಬರೆಯುವ ಬಗೆ

ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಪುಸ್ತಕದ ಮುಖಪುಟ ಚಿತ್ರ ಪಡೆಯುವವರಿಗೆ ಎದುರಾಗುವ ಮುಖ್ಯ ತೊಡಕೆಂದರೆ, ಚಿತ್ರವು ಪುಟವನ್ನೆಲ್ಲ ಆವರಿಸಿ ಶೀರ್ಷಿಕೆಗೂ ಲೇಖಕರ ಹೆಸರಿಗೂ ಎಡೆ ಉಳಿಯದಿರುವುದು. ಇದಕ್ಕೆ ಪರಿಹಾರ ಸೂಚನೆಯ ಬರವಣಿಗೆಯಲ್ಲಿಯೇ ಇದೆ.

ಬೆಳಗಾವಿ ಜಿಲ್ಲೆಯ ಚಚಡಿಯು ದೇಸಾಯರ ವಾಡೆಯಿಂದ ಹೆಸರಾದ ಊರು. ಸುತ್ತಲಿನದು ಕಪ್ಪು ಭೂಮಿಯ ಸೀಮೆ. ಅಲ್ಲಿ ನಡೆಯುವ 'ಕಪ್ಪುಮಣ್ಣಿನ ವಾಡೆ' ಎಂಬ ಕಾದಂಬರಿಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಡೆಮಿ ಅಷ್ಟದಳ ಪುಸ್ತಕದ ಮುಖಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಮೇಲಿನ 3.4 ಇಂಚು ಶೀರ್ಷಿಕೆಗೆ, ಕೆಳಗಿನ 1.3 ಇಂಚು ಲೇಖಕರ ಹೆಸರಿಗೆ ಮೀಸಲಿಟ್ಟರೆ, ನಡುವಿನ 3.8 ಇಂಚು ಚಿತ್ರದ ವಸ್ತುವಿಗೆ ದೊರೆಯುತ್ತದೆ.

'ಜಾಗ ಖಾಲಿ ಬಿಡು' ಎಂದು ಬರೆದರೆ ಯಂತ್ರವು ಅನೇಕ ವೇಳೆ ಬಿಳಿಯ ಚೌಕವನ್ನೋ ಫಲಕವನ್ನೋ ಬಿಡಿಸುತ್ತದೆ. 'ಪುಸ್ತಕದ ಮುಖಪುಟ' ಎಂದರೆ ಮೇಜಿನ ಮೇಲಿಟ್ಟ ಪುಸ್ತಕವನ್ನೇ ತೋರಿಸಬಹುದು, ಇಲ್ಲವೇ ಅರ್ಥವಿಲ್ಲದ ಅಕ್ಷರಗಳನ್ನು ಬರೆಯಬಹುದು. ಆದ್ದರಿಂದ ಆ ಜಾಗದಲ್ಲಿ ಏನಿರಬಾರದು ಎಂಬುದಕ್ಕಿಂತ ಏನಿರಬೇಕು ಎಂಬುದನ್ನೇ ಹೇಳುವುದು ಲೇಸು:

"ಲಂಬ ಚಿತ್ರ. ಮೇಲಿನ ಐದನೇ ಎರಡು ಭಾಗ ಮೋಡವಿಲ್ಲದ ತಿಳಿ ಬೂದು ಆಕಾಶ, ಒಂದೇ ಛಾಯೆ. ನಡುವೆ ದೂರದಲ್ಲಿ ಉತ್ತರ ಕರ್ನಾಟಕದ ಹಳೆಯ ವಾಡೆ, ಕಲ್ಲಿನ ಗೋಡೆ, ಎತ್ತರದ ಮರದ ಬಾಗಿಲು. ಕೆಳಗಿನ ಅಂಚಿನಲ್ಲಿ ಆಗತಾನೆ ಉತ್ತ ಬರಿಯ ಕಪ್ಪು ಹೊಲ. ಮರ, ಹಕ್ಕಿ, ಜನರಿಲ್ಲ."

ಮಿಡ್‌ಜರ್ನಿ ಬಳಸುವವರು ಕೊನೆಯಲ್ಲಿ ಹೀಗೆ ಸೇರಿಸಬಹುದು:

```
--ar 11:17 --no text
```

ಮೊದಲ ಭಾಗ ಪುಟದ ಅಳತೆಯ ಅನುಪಾತವನ್ನು ನಿಗದಿಪಡಿಸುತ್ತದೆ. ಎರಡನೆಯದು ಅಕ್ಷರಗಳನ್ನು ದೂರವಿಡಲು ಯತ್ನಿಸುತ್ತದೆ. ಇಲ್ಲಿ ಆಕಾಶವೂ ಹೊಲವೂ ಚಿತ್ರದ ಅಂಗಗಳಾಗಿಯೇ ಉಳಿದು, ತಿಳಿ ಆಕಾಶದ ಮೇಲೆ ಕಪ್ಪು ಶೀರ್ಷಿಕೆಗೂ ಕಪ್ಪು ಮಣ್ಣಿನ ಮೇಲೆ ಬಿಳಿಯ ಹೆಸರಿಗೂ ನೆಲೆಯಾಗುತ್ತವೆ.

ಕನ್ನಡ ಲಿಪಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. 'ಮಣ್ಣಿನ' ಎಂಬಲ್ಲಿ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ, ಗುಡಿಸು ಮೇಲೇಳುತ್ತದೆ. ಎರಡು ಸಾಲಿನ ಶೀರ್ಷಿಕೆಗೆ ಆಂಗ್ಲ ಅಕ್ಷರಗಳಿಗಿಂತ ಹೆಚ್ಚು ಎತ್ತರ ಬೇಕು. ಶೀರ್ಷಿಕೆಯನ್ನು ಮೊದಲೇ ಜೋಡಿಸಿ ಅಳೆದು, ಬಳಿಕ ಆಕಾಶದ ಪಾಲನ್ನು ನಿರ್ಧರಿಸುವುದು ಉತ್ತಮ. ಅಕ್ಷರಗಳನ್ನು ಯಂತ್ರಕ್ಕೆ ಬಿಡದೆ ಪುಟವಿನ್ಯಾಸದ ತಂತ್ರಾಂಶದಲ್ಲಿ ಕೂಡಿಸಬೇಕು.

ಚಿತ್ರ ಬಂದ ಮೇಲೆ ಶೀರ್ಷಿಕೆಯನ್ನಿಟ್ಟು ಅಂಚೆಚೀಟಿಯಷ್ಟು ಕುಗ್ಗಿಸಿ ನೋಡಬೇಕು. ಓದಲಾಗದಿದ್ದರೆ ಹಿನ್ನೆಲೆಯ ಛಾಯೆ ಸಮವಾಗಿಲ್ಲವೆಂದೇ ಅನೇಕ ವೇಳೆ ಅರ್ಥ. ಮುದ್ರಣಕ್ಕೆ ಇಂಚಿಗೆ 300 ಬಿಂದುಗಳಂತೆ ಕನಿಷ್ಠ 1650 x 2550 ಬಿಂದುಗಳು ಬೇಕು. ಕತ್ತರಿಸುವ ಅಂಚಿಗೆ ಸುಮಾರು 3 ಮಿ.ಮೀ. ಹೆಚ್ಚುವರಿ ಬಿಡಬೇಕು.

ಯಂತ್ರ ಕೊಡುವುದು ಯಾವುದೋ ಒಂದು ವಾಡೆಯನ್ನೇ ಹೊರತು ಚಚಡಿಯ ವಾಡೆಯನ್ನಲ್ಲ. ಕೃತಿಯು ಆ ವಾಡೆಯ ಇತಿಹಾಸವೇ ಆಗಿದ್ದಲ್ಲಿ ಛಾಯಾಚಿತ್ರವೇ ಸೂಕ್ತ. ಜಾಗದ ಲೆಕ್ಕಾಚಾರ ಅಲ್ಲಿಯೂ ಇದೇ.