ದವಡೆಯ ಕೀಲುನೋವು ಮತ್ತು ನಿದ್ದೆಯ ಹಲ್ಲುಮಸೆತ: ತಿಳಿವಳಿಕೆ ಬೆಳೆದುಬಂದ ಬಗೆ

ಊಟ ಮಾಡುವಾಗ ಕಿವಿಯ ಮುಂದೆ ‘ಟಕ್’ ಎನ್ನುವ ಸದ್ದು, ಅಗಿದರೆ ನೋವು, ಆಕಳಿಸಿದರೆ ದವಡೆ ಹಿಡಿದುಕೊಳ್ಳುವುದು, ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವುದು. ಈ ನಾಲ್ಕನ್ನೂ ಇಪ್ಪತ್ತನೆಯ ಶತಮಾನದ ಬಹುಭಾಗ ಒಂದೇ ಕಾಯಿಲೆಯ ಮುಖಗಳೆಂದು ನಂಬಲಾಗಿತ್ತು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಸರಿಯಾಗಿ ಕೂಡದಿರುವುದೇ ಮೂಲ ದೋಷವೆಂಬುದು ಆ ನಂಬಿಕೆಯ ತಿರುಳು. ಈ ನಂಬಿಕೆ ಹುಟ್ಟಿದ್ದು, ಬಲಿತದ್ದು, ಪರೀಕ್ಷೆಗೆ ನಿಲ್ಲದೆ ಕುಸಿದದ್ದೇ ಈ ವಿಷಯದ ಇತಿಹಾಸದ ಮುಖ್ಯ ಭಾಗ.

ಕೆಳದವಡೆಯ ಮೂಳೆ ಎರಡೂ ಕಿವಿಗಳ ಮುಂದೆ ತಲೆಬುರುಡೆಯ ಗುಳಿಯಲ್ಲಿ ಕೂತಿರುತ್ತದೆ. ಮೂಳೆಯ ದುಂಡು ತಲೆಗೂ ಗುಳಿಗೂ ನಡುವೆ ನಾರಿನ ತೆಳುವಾದ ಬಿಲ್ಲೆಯೊಂದಿದೆ. ಅದು ಮೂಳೆಯ ತಲೆಗೆ ಹಾಕಿದ ಟೊಪ್ಪಿಯಂತೆ ಅದರ ಜೊತೆಗೇ ಚಲಿಸುತ್ತದೆ. ಬಾಯಿ ತೆರೆಯಲು ಆರಂಭಿಸಿದಾಗ ಮೂಳೆ ಇದ್ದಲ್ಲೇ ತಿರುಗುತ್ತದೆ. ಇನ್ನೂ ಅಗಲಿಸಿದರೆ ಗುಳಿಯಿಂದ ಹೊರಟು ಮುಂದಕ್ಕೆ ಜಾರುತ್ತದೆ. ಬಿಲ್ಲೆ ತನ್ನ ಜಾಗ ಬಿಟ್ಟು ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆಯುವಾಗ ಮೂಳೆಯ ತಲೆ ಅದರ ದಪ್ಪ ಹಿಂದಂಚನ್ನು ದಾಟಿ ನಡುಭಾಗಕ್ಕೆ ಬಂದು ಕೂರಬೇಕಾಗುತ್ತದೆ. ಕೇಳಿಸುವ ‘ಟಕ್’ ಹುಟ್ಟುವುದು ಈ ದಾಟುವ ಕ್ಷಣದಲ್ಲಿ. ಬಾಯಿ ಮುಚ್ಚುವಾಗ, ಹಲ್ಲುಗಳು ಕೂಡುವುದಕ್ಕೆ ಸ್ವಲ್ಪ ಮೊದಲು, ಮೂಳೆ ಮತ್ತೆ ಬಿಲ್ಲೆಯಿಂದ ಜಾರಿ ಇಳಿಯುತ್ತದೆ. ಆಗ ಬರುವುದು ಎರಡನೆಯ, ಸಣ್ಣ ಸದ್ದು.

ಕೆಲವರಲ್ಲಿ ವರ್ಷಗಟ್ಟಲೆ ಇದ್ದ ಸದ್ದು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಅದರ ಜೊತೆಗೇ ಬಾಯಿ ತೆರೆಯುವುದೂ ಅರ್ಧಕ್ಕೆ ನಿಲ್ಲುತ್ತದೆ. ಮೂಳೆ ಇನ್ನು ಬಿಲ್ಲೆಯನ್ನು ದಾಟಲಾರದೆ ಅದರ ಹಿಂದೆಯೇ ಸಿಕ್ಕಿಕೊಂಡಿದೆ ಎಂದು ಇದರ ಅರ್ಥ. ಸಾಮಾನ್ಯವಾಗಿ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ 40 ಮಿ.ಮೀ.ಗಿಂತ ಹೆಚ್ಚು ಅಂತರ ಬರುತ್ತದೆ, ಅಂದರೆ ಹೆಚ್ಚಿನವರು ತಮ್ಮ ಮೂರು ಬೆರಳನ್ನು ನಿಲ್ಲಿಸಿ ಒಳಗಿಡಬಲ್ಲರು. ಸಿಕ್ಕಿಕೊಂಡ ಕೀಲಿನಲ್ಲಿ ಇದು 25ರಿಂದ 30 ಮಿ.ಮೀ.ಗೆ ಇಳಿಯುತ್ತದೆ. ಎಡಕೀಲು ಸಿಕ್ಕಿದ್ದರೆ ಬಾಯಿ ತೆರೆಯುವಾಗ ಗಲ್ಲ ಎಡಕ್ಕೆ ವಾಲುತ್ತದೆ, ಬಲಕೀಲು ಮುಂದೆ ಹೋದರೂ ಎಡದ್ದು ಹೋಗುವುದಿಲ್ಲವಲ್ಲ. ಕರ್ನಾಟಕದಲ್ಲಿ ಇಲ್ಲೊಂದು ಎಚ್ಚರಿಕೆ ಬೇಕು. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಬಾಯಿ ಕಿರಿದಾಗುತ್ತ ಬಂದರೆ ದೋಷ ಕೀಲಿನದಲ್ಲದೆ ಕೆನ್ನೆಯ ಒಳಪದರ ನಾರುಗಟ್ಟಿದ್ದೂ ಆಗಿರಬಹುದು. ಅಲ್ಲಿ ಬಾಯಿ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬಿಗಿಯುತ್ತದೆ, ಖಾರ ತಿಂದರೆ ಉರಿಯುತ್ತದೆ, ಕೆನ್ನೆಯ ಒಳಗೆ ಬೆರಳಿಗೆ ಗಟ್ಟಿ ಪಟ್ಟಿಗಳು ಸಿಗುತ್ತವೆ. ಅದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿಯಾದ್ದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ಅಗತ್ಯ.

ಪ್ರಾಚೀನರು ಕಂಡದ್ದು ಮುಖ್ಯವಾಗಿ ಕೀಲು ತಪ್ಪಿದ ದವಡೆಯನ್ನು. ಸುಮಾರು ಕ್ರಿ.ಪೂ. 1600ರ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲಿ, ಮುಚ್ಚಲಾಗದ ಬಾಯಿಯೊಳಗೆ ಹೆಬ್ಬೆರಳಿಟ್ಟು ದವಡೆಯನ್ನು ಜಾಗಕ್ಕೆ ಕೂರಿಸುವ ವಿಧಾನವಿದೆ. ಗ್ರೀಕರ ಹಿಪೊಕ್ರಾಟಿಸ್ ಪರಂಪರೆಯ ಗ್ರಂಥಗಳಲ್ಲೂ ಅದೇ ಬಗೆಯ ಕ್ರಮ ಸಿಗುತ್ತದೆ, ಇಂದಿನ ತುರ್ತು ಚಿಕಿತ್ಸಾ ಘಟಕಗಳಲ್ಲೂ ಬಹುಮಟ್ಟಿಗೆ ಅದೇ ನಡೆಯುತ್ತದೆ. ಸುಶ್ರುತಸಂಹಿತೆ ‘ಹನುಮೋಕ್ಷ’ವನ್ನು ಹಲ್ಲಿನ ರೋಗಗಳ ಪಟ್ಟಿಯಲ್ಲಿ ಸೇರಿಸಿ ಅದಕ್ಕೆ ವಾತವನ್ನು ಕಾರಣವಾಗಿ ಹೇಳುತ್ತದೆ. ಬಿಲ್ಲೆಯ ಕಡೆಗೆ ಶಸ್ತ್ರವೈದ್ಯರ ಗಮನ ಹೋದದ್ದು ಬಹಳ ತಡವಾಗಿ. 1887ರಲ್ಲಿ ಎಡಿನ್‌ಬರೊದ ಥಾಮಸ್ ಆನಂಡೇಲ್ ಕೀಲನ್ನು ತೆರೆದು ಸರಿದ ಬಿಲ್ಲೆಯನ್ನು ಸ್ವಸ್ಥಾನಕ್ಕೆ ತಂದು ಹೊಲಿದ ವಿವರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಅದಾಗಿ ಹಲವು ದಶಕ ಅದನ್ನು ಯಾರೂ ಗಂಭೀರವಾಗಿ ಮುಂದುವರಿಸಲಿಲ್ಲ.

ನೋವಿನ ಆಧುನಿಕ ಚರ್ಚೆ ಆರಂಭವಾದದ್ದು ದಂತವೈದ್ಯರಿಂದಲ್ಲ, ಕಿವಿ-ಮೂಗು-ಗಂಟಲಿನ ವೈದ್ಯರೊಬ್ಬರಿಂದ. ಅಮೆರಿಕದ ಸೇಂಟ್ ಲೂಯಿಸ್‌ನ ಜೇಮ್ಸ್ ಕಾಸ್ಟನ್ 1934ರಲ್ಲಿ 11 ರೋಗಿಗಳ ವಿವರ ಪ್ರಕಟಿಸಿದರು. ಕಿವಿ ಕಟ್ಟಿದಂತಾಗುವುದು, ಕಿವಿಯಲ್ಲಿ ಮೊರೆತ, ತಲೆಸುತ್ತು, ಕಿವಿಯ ಸುತ್ತ ನೋವು, ನಾಲಿಗೆ ಉರಿ ಇವು ಅವರು ಕಂಡ ಲಕ್ಷಣಗಳು. ದವಡೆಹಲ್ಲು ಉದುರಿದವರಲ್ಲಿ ಬಾಯಿ ಅತಿಯಾಗಿ ಮುಚ್ಚಿಕೊಂಡು ಮೂಳೆಯ ತಲೆ ಹಿಂದಕ್ಕೆ ಸರಿದು ನರಗಳನ್ನೂ ಕಿವಿಯನ್ನೂ ಒತ್ತುತ್ತದೆ ಎಂದು ಅವರು ವಿವರಿಸಿ, ಹಲ್ಲಿನ ಎತ್ತರವನ್ನು ಹೆಚ್ಚಿಸುವುದೇ ಪರಿಹಾರವೆಂದರು. ಹಲ್ಲಿನ ಎತ್ತರ ಸರಿಪಡಿಸುವುದು ದಂತವೈದ್ಯರ ಕೈಯಲ್ಲಿದ್ದ ಕೆಲಸ. ‘ಕಾಸ್ಟನ್ ಸಿಂಡ್ರೋಮ್’ ಬೇಗನೆ ಹರಡಿತು. 1948ರಲ್ಲಿ ಅಂಗರಚನಾಶಾಸ್ತ್ರಜ್ಞ ಹ್ಯಾರಿ ಸಿಷರ್, ಹಾಗೆ ನರ ಒತ್ತಿಹೋಗುವುದು ಆ ಜಾಗದ ರಚನೆಯಲ್ಲಿ ಸಾಧ್ಯವೇ ಇಲ್ಲವೆಂದು ತೋರಿಸಿದರು. ವಿವರಣೆ ಬಿದ್ದಿತು, ಚಿಕಿತ್ಸೆ ಉಳಿಯಿತು. ಈ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ.

ಹಲ್ಲುಮಸೆತವೂ ಇದೇ ಚೌಕಟ್ಟಿಗೆ ಸೇರಿತು. 1907ರಲ್ಲಿ ಪ್ಯಾರಿಸಿನ ಮಾರಿ ಮತ್ತು ಪಿಯೆಟ್ಕೀವಿಚ್ ಇದನ್ನು ‘ಬ್ರಕ್ಸೋಮೇನಿ’ ಎಂದು ಹೆಸರಿಸಿದ್ದಾಗ ಅದು ಮಿದುಳಿಗೆ ಸಂಬಂಧಿಸಿದ ಸಂಗತಿಯಾಗಿತ್ತು. ಆದರೆ 1961ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ರಾಮ್ಫ್ಯೋರ್ಡ್ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದು, ಹಲ್ಲುಗಳ ಎತ್ತರತಗ್ಗುಗಳೇ ಮಸೆತವನ್ನು ಕೆರಳಿಸುತ್ತವೆ, ಅವನ್ನು ಸಮ ಮಾಡಿದರೆ ಅದು ನಿಲ್ಲುತ್ತದೆ ಎಂದರು. ಅದರಿಂದ ಆರೋಗ್ಯವಾಗಿದ್ದ ಹಲ್ಲಿನ ಮೇಲ್ಮೈಯನ್ನು ಉಜ್ಜಿ ‘ಸಮ’ಗೊಳಿಸುವ ಚಿಕಿತ್ಸೆಗೆ ದೊಡ್ಡ ಬಲ ಬಂದಿತು. ಉಜ್ಜಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ವಿರುದ್ಧ ದನಿಗಳೂ ಏಳುತ್ತಿದ್ದವು. 1950ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಲಾಸ್ಲೊ ಶ್ವಾರ್ಟ್ಸ್, ನೋವು ಹೆಚ್ಚಾಗಿ ಸ್ನಾಯುಗಳದು, ಅದರ ಹಿಂದೆ ಮನಸ್ಸಿನ ಒತ್ತಡವೂ ಇರುತ್ತದೆ ಎಂದು ವಾದಿಸಿದರು. ಡೇನಿಯಲ್ ಲಾಸ್ಕಿನ್ 1969ರಲ್ಲಿ ಅದನ್ನು ಒಂದು ಸಿದ್ಧಾಂತವಾಗಿ ಕಟ್ಟಿದರು. ಅವರ ಗುಂಪು 1976ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಪ್ರಯೋಗಗಳಲ್ಲಿ ಒಂದು. ಸ್ನಾಯುನೋವಿನ 25 ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ, ಹಲ್ಲು ಸಮ ಮಾಡುತ್ತೇವೆಂದು ಹೇಳಿ, ಯಂತ್ರವನ್ನೂ ತಿರುಗಿಸಿ, ಮೇಲು-ಕೆಳ ಹಲ್ಲು ಕೂಡುವ ಬಗೆ ಒಂದಿಷ್ಟೂ ಬದಲಾಗದಂತೆ ನೋಡಿಕೊಂಡರು. ಚಿಕಿತ್ಸೆಯ ನಟನೆ ಮಾತ್ರ ನಡೆದಿತ್ತು. ಆದರೂ ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳ ನೋವು ಪೂರ್ತಿಯಾಗಿಯೋ ಬಹುಪಾಲೋ ಹೋಯಿತು. ರೋಗಿಗಳು ನೋವನ್ನು ಕಲ್ಪಿಸಿಕೊಂಡಿದ್ದರೆಂದು ಇದರ ಅರ್ಥವಲ್ಲ. ಈ ನೋವು ತಾನಾಗಿ ಏರಿಳಿಯುವಂಥದು, ಭರವಸೆಗೂ ಆರೈಕೆಗೂ ಸ್ಪಂದಿಸುವಂಥದು. ಆದ್ದರಿಂದ ‘ಹಲ್ಲು ಉಜ್ಜಿದೆವು, ಗುಣವಾಯಿತು’ ಎಂಬ ಅನುಭವ ಯಾವ ಸಿದ್ಧಾಂತಕ್ಕೂ ಸಾಕ್ಷಿಯಾಗದು. 1984ರಲ್ಲಿ ಜಾನ್ ರಗ್ ಮತ್ತು ಜೊತೆಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಕೆಂದೇ ಎತ್ತರ ತಪ್ಪಿಸಿದ ಕ್ಯಾಪ್‌ಗಳನ್ನು ಹಲ್ಲಿಗೆ ಹಾಕಿ ರಾತ್ರಿಯ ಸ್ನಾಯುಚಟುವಟಿಕೆಯನ್ನು ಅಳೆದರು. ಸಿದ್ಧಾಂತದ ಪ್ರಕಾರ ಮಸೆತ ಹೆಚ್ಚಬೇಕಿತ್ತು, ಹೆಚ್ಚಿನವರಲ್ಲಿ ಕಡಿಮೆಯಾಯಿತು.

ಇದೇ ಹೊತ್ತಿಗೆ ಬಿಲ್ಲೆ ಮತ್ತೆ ಮುನ್ನೆಲೆಗೆ ಬಂದಿತು. ಎಕ್ಸ್‌ರೇಯಲ್ಲಿ ಎದ್ದುಕಾಣುವ ದ್ರವವನ್ನು ಕೀಲಿಗೆ ತುಂಬಿ ಚಿತ್ರ ತೆಗೆಯುವ ವಿಧಾನದಿಂದ 1970ರ ದಶಕದಲ್ಲಿ ವಿಲ್ಕ್ಸ್, ಫರಾರ್ ಮತ್ತಿತರರು ‘ಟಕ್’ ಸದ್ದಿನ ಮರ್ಮವನ್ನು ಕಣ್ಣಿಗೆ ಕಾಣಿಸಿದರು. ಕಂಡದ್ದನ್ನು ಸರಿಪಡಿಸಲೇಬೇಕೆಂಬ ಹುರುಪು ಅದರ ಬೆನ್ನಿಗೇ ಬಂತು. ಬಿಲ್ಲೆ ತೆಗೆದು ಬದಲಿ ಹಾಕುವ ಶಸ್ತ್ರಕ್ರಿಯೆಗಳು ಹೆಚ್ಚಿದವು. ಹ್ಯೂಸ್ಟನ್ನಿನ ವೈಟೆಕ್ ಕಂಪನಿಯ ಪ್ರೊಪ್ಲಾಸ್ಟ್-ಟೆಫ್ಲಾನ್ ಬಿಲ್ಲೆ 1983ರಲ್ಲಿ, ಆಗಲೇ ಮಾರುಕಟ್ಟೆಯಲ್ಲಿದ್ದ ವಸ್ತುಗಳಿಗೆ ಸಮಾನ ಎಂಬ ಆಧಾರದ ಮೇಲೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆಯಿತು. ಅಗಿಯುವ ಭಾರಕ್ಕೆ ಟೆಫ್ಲಾನ್ ಸವೆದು ಪುಡಿಯಾಯಿತು. ದೇಹ ಆ ಚೂರುಗಳ ವಿರುದ್ಧ ಎಬ್ಬಿಸಿದ ಉರಿಯೂತ ದವಡೆಮೂಳೆಯನ್ನು, ಕೆಲವರಲ್ಲಿ ತಲೆಬುರುಡೆಯ ತಳವನ್ನೂ ತಿಂದುಹಾಕಿತು. 1990ರ ಡಿಸೆಂಬರಿನಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸುವ ಹೊತ್ತಿಗೆ ಕಂಪನಿ ದಿವಾಳಿಯಾಗಿತ್ತು. ರೋಗಿಗಳು ಉಳಿದರು, ಒಂದರ ಮೇಲೊಂದು ಶಸ್ತ್ರಕ್ರಿಯೆಗಳೊಂದಿಗೆ. ಮೊದಲಿಗೆ ಅವರಲ್ಲಿ ಎಷ್ಟೋ ಜನರಿಗಿದ್ದದ್ದು ಹಾನಿಯಿಲ್ಲದೆ ಬದುಕಬಹುದಾದ ತೊಂದರೆ ಎಂಬುದು ಈ ಅಧ್ಯಾಯದ ಅತ್ಯಂತ ನೋವಿನ ಸಂಗತಿ.

ಎಂಆರ್‌ಐ ಬಂದ ಮೇಲೆ ಇದು ಇನ್ನಷ್ಟು ಸ್ಪಷ್ಟವಾಯಿತು. ಯಾವ ನೋವೂ ಇಲ್ಲದವರನ್ನು ಪರೀಕ್ಷಿಸಿದರೂ ಸುಮಾರು ಮೂರನೇ ಒಂದು ಪಾಲು ಜನರಲ್ಲಿ ಬಿಲ್ಲೆ ಸರಿದಿರುತ್ತದೆ. ಹೀಗಾಗಿ ನೋವಿಲ್ಲದ, ಬಾಯಿ ಪೂರ್ತಿ ತೆರೆಯುವ ಬರಿಯ ಸದ್ದಿಗೆ ಇಂದು ಚಿಕಿತ್ಸೆ ಇಲ್ಲ, ಬೇಕಾಗಿಯೂ ಇಲ್ಲ. ಸಿಕ್ಕಿಕೊಂಡ ಕೀಲಿಗೂ ಮೊದಲು ಮೆತ್ತನೆಯ ಆಹಾರ, ಬಿಸಿ ಶಾಖ, ಉರಿಯೂತ ತಗ್ಗಿಸುವ ಮಾತ್ರೆ, ದವಡೆಯ ವ್ಯಾಯಾಮ. ಅದಕ್ಕೆ ಬಗ್ಗದಿದ್ದರೆ, 1991ರಲ್ಲಿ ಡೋರಿಟ್ ನಿಟ್ಜಾನ್ ಮತ್ತು ಸಂಗಡಿಗರು ವಿವರಿಸಿದಂತೆ ಎರಡು ಸೂಜಿ ಚುಚ್ಚಿ ಕೀಲನ್ನು ದ್ರವದಿಂದ ತೊಳೆಯುತ್ತಾರೆ. ತೊಳೆದ ಮೇಲೆ ಬಿಲ್ಲೆ ಸರಿದ ಜಾಗದಲ್ಲೇ ಉಳಿದರೂ ಬಾಯಿ ತೆರೆಯುವುದು ಸುಧಾರಿಸುತ್ತದೆ. ಸ್ನಾಯುನೋವು, ಕೀಲುನೋವು, ಬಿಲ್ಲೆಯ ದೋಷ ಇವನ್ನು ಬೇರೆ ಬೇರೆಯಾಗಿ ಗುರುತಿಸಿ, ಅದರ ಜೊತೆಗೆ ರೋಗಿಯ ಮನಃಸ್ಥಿತಿಯನ್ನೂ ದಾಖಲಿಸುವ ಮಾನದಂಡಗಳು 1992ರಲ್ಲಿ ರೂಪುಗೊಂಡವು, 2014ರಲ್ಲಿ ಪರಿಷ್ಕೃತವಾದವು.

ಹಲ್ಲುಮಸೆತದ ಪ್ರಶ್ನೆ ನಿದ್ದೆಯ ಪ್ರಯೋಗಾಲಯಕ್ಕೆ ಹೋಯಿತು. ಮಾಂಟ್ರಿಯಲ್‌ನ ಜಿಲ್ ಲವೀನ್ ಮತ್ತು ಸಹಸಂಶೋಧಕರು ಮಲಗಿದವರ ಮಿದುಳು, ಹೃದಯ, ಅಗಿಯುವ ಸ್ನಾಯು ಮೂರನ್ನೂ ಒಟ್ಟಿಗೆ ದಾಖಲಿಸಿದಾಗ ಒಂದು ಕ್ರಮ ಕಂಡಿತು. ಮಸೆತಕ್ಕೆ ಕೆಲವು ನಿಮಿಷ ಮೊದಲು ದೇಹದ ಎಚ್ಚರದ ನರವ್ಯೂಹ ಚುರುಕಾಗುತ್ತದೆ. ಸುಮಾರು ನಾಲ್ಕು ಸೆಕೆಂಡು ಮೊದಲು ಮಿದುಳಿನ ಅಲೆಗಳು ವೇಗಗೊಳ್ಳುತ್ತವೆ, ಎದೆಬಡಿತ ಏರುತ್ತದೆ, ಕೊನೆಗೆ ಅಗಿಯುವ ಸ್ನಾಯು ಲಯಬದ್ಧವಾಗಿ ಬಿಗಿಯುತ್ತದೆ. ಹಲ್ಲಿಗೆ ಹಲ್ಲು ತಾಗುವುದು ಈ ಸರಣಿಯ ತುದಿಯಲ್ಲಿ. ಆದ್ದರಿಂದ ಅದು ಕಾರಣವಾಗಲಾರದು. ಮಸೆಯದವರಲ್ಲೂ ಅನೇಕರ ದವಡೆ ನಿದ್ದೆಯಲ್ಲಿ ಹೀಗೆ ಆಗೊಮ್ಮೆ ಈಗೊಮ್ಮೆ ಅಲುಗುತ್ತದೆ. ಮಸೆಯುವವರಲ್ಲಿ ಅದು ಗಂಟೆಗೆ ಹಲವು ಬಾರಿ, ಹೆಚ್ಚು ಬಲವಾಗಿ ಬರುತ್ತದೆ. ಆತಂಕ, ಧೂಮಪಾನ, ಮದ್ಯ, ಹೆಚ್ಚು ಕಾಫಿ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇದನ್ನು ಹೆಚ್ಚಿಸಬಲ್ಲವು.

ಮಕ್ಕಳು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳು ಇದೆ ಎನ್ನುವುದು ನಮ್ಮ ಮನೆಗಳಲ್ಲಿ ರೂಢಿಯ ಮಾತು. ಹುಳುವಿನ ಔಷಧ ಕೊಟ್ಟರೆ ಮಸೆತ ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಹೆಚ್ಚು ಸಾಮಾನ್ಯ, ಬೆಳೆದಂತೆ ಬಹುಪಾಲು ತಾನಾಗಿ ಕಡಿಮೆಯಾಗುತ್ತದೆ. ಗೊರಕೆ ಅಥವಾ ಉಸಿರು ಕಟ್ಟುವುದು ಜೊತೆಗಿದ್ದರೆ ಮಾತ್ರ ನಿದ್ದೆಯ ತೊಂದರೆಗಾಗಿ ತೋರಿಸಬೇಕು.

2018ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ, ಆರೋಗ್ಯವಂತರ ಹಲ್ಲುಮಸೆತವನ್ನು ರೋಗವೆನ್ನದೆ ಸ್ನಾಯುಗಳ ಒಂದು ವರ್ತನೆ ಎಂದು ಕರೆಯಿತು. ಹಲ್ಲು ಸವೆದಿದ್ದರೆ ಅದು ಹಳೆಯ ಮಸೆತದ ಗುರುತೋ ಹುಳಿ ಪದಾರ್ಥದ ಸವೆತವೋ ಆಗಿರಬಹುದು. ಪಕ್ಕದಲ್ಲಿ ಮಲಗಿದವರು ಕೇಳಿದ ಸದ್ದು, ಬೆಳಿಗ್ಗೆ ಕೆನ್ನೆ ಮತ್ತು ಕಪಾಲದ ಬಿಗಿತ ಹೆಚ್ಚು ನಂಬಬಹುದಾದ ಸುಳಿವುಗಳು, ಖಚಿತವಾಗಬೇಕಾದರೆ ನಿದ್ದೆಯ ದಾಖಲೆಯೇ ಬೇಕು. ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ ರಾತ್ರಿಯ ಗಟ್ಟಿ ಕವಚ ಎನಾಮಲ್ ಮತ್ತು ಕ್ಯಾಪ್‌ಗಳನ್ನು ಉಳಿಸುತ್ತದೆ. ಮಿದುಳಿನಿಂದ ಹೊರಡುವ ಲಯವನ್ನು ಅದು ನಿಲ್ಲಿಸಲಾರದು; ಮಸೆಯುವವರು ಅದನ್ನು ಹಾಕಿಕೊಂಡೂ ಮಸೆಯುತ್ತಾರೆ, ಸವೆಯುವುದು ಹಲ್ಲಿನ ಬದಲು ಕವಚ.