‘ಯಾ ಕೆ’ ಎಂದಾಗ ಒಪ್ಪಿಕೊಂಡವರು ಯಾರು?

ಸ್ಪ್ಯಾನಿಷ್‌ನಲ್ಲಿ ವಾದಪ್ರಬಂಧ ಬರೆಯಲು ಕಲಿಸುವ ಪಠ್ಯಗಳಲ್ಲಿ ಒಂದು ಪಟ್ಟಿ ಮತ್ತೆ ಮತ್ತೆ ಕಾಣಿಸುತ್ತದೆ. ಎಡಗಡೆ ‘ಪೆರೊ’, ‘ಪೊರ್ಕೆ’, ‘ಅಸಿ ಕೆ’. ಬಲಗಡೆ ‘ಸಿನ್ ಎಂಬಾರ್ಗೊ’, ‘ಯಾ ಕೆ’, ‘ಪೊರ್ ಲೊ ತಾಂತೊ’. ಆದರೆ, ಏಕೆಂದರೆ, ಆದ್ದರಿಂದ ಎಂಬ ಮೂರು ಕೆಲಸಗಳಿಗೆ ಎರಡೆರಡು ಪದ. ಎಡಗಡೆಯವು ಆಡುಮಾತಿಗೆ, ಬಲಗಡೆಯವು ಬರಹಕ್ಕೆ ಎಂಬುದು ಅದರ ಪಾಠ. ವಿದ್ಯಾರ್ಥಿ ಅದನ್ನು ನಂಬಿ, ಮೊದಲು ‘ಪೆರೊ’, ‘ಪೊರ್ಕೆ’ ಹಾಕಿ ಬರೆದು, ಆಮೇಲೆ ಒಂದೊಂದನ್ನೇ ಕಿತ್ತು ಬಲಗಡೆಯ ಪದವನ್ನು ಕೂರಿಸುತ್ತಾನೆ. ಬರಹ ಗಂಭೀರವಾಯಿತು ಎಂದುಕೊಳ್ಳುತ್ತಾನೆ. ಈ ಪಟ್ಟಿ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಎರಡು ಸಾಲಿನ ಪದಗಳ ನಡುವೆ ಇರುವುದು ಮೊದಲಿಗೆ ಕೆಲಸದ ವ್ಯತ್ಯಾಸ; ಶಿಷ್ಟತೆಯ ವ್ಯತ್ಯಾಸ ಆ ಕೆಲಸದಿಂದ ಹುಟ್ಟುವಂಥದ್ದು. ಓದುಗನಿಗೆ ಏನು ಆಗಲೇ ಗೊತ್ತಿದೆ, ಯಾವುದನ್ನು ಅವನು ಒಪ್ಪಿದ್ದಾನೆ, ಯಾವುದನ್ನು ಇನ್ನೂ ಒಪ್ಪಿಸಬೇಕಾಗಿದೆ ಎಂಬುದನ್ನು ಈ ಕೊಂಡಿಪದಗಳು ಸದ್ದಿಲ್ಲದೆ ಹೇಳಿಬಿಡುತ್ತವೆ.

ಇದು ಸ್ಪಷ್ಟವಾಗಿ ಕಾಣುವುದು ‘ಯಾ ಕೆ’ಯಲ್ಲಿ. ‘ಯಾ’ ಎಂದರೆ ‘ಆಗಲೇ, ಈಗಾಗಲೇ’. ‘ಕೆ’ ಎಂಬುದು ಮುಂದಿನ ವಾಕ್ಯವನ್ನು ತಗುಲಿಸುವ ಕೊಕ್ಕೆ. ಹಿಂದೆ ಇದಕ್ಕೆ ಕಾಲದ ಅರ್ಥವೂ ಇತ್ತು, ಒಂದು ಸಂಗತಿ ಆಗಿ ಮುಗಿದ ಮೇಲೆ ಎಂಬಂತೆ. ಆಗಿಹೋದದ್ದು ಮುಂದಿನದಕ್ಕೆ ಕಾರಣವೂ ಆಗುವುದರಿಂದ ಕಾಲದ ಅರ್ಥ ಕಾರಣದ ಅರ್ಥಕ್ಕೆ ಜಾರಿತು. ಜಾರಿದರೂ ‘ಈಗಾಗಲೇ’ ಎಂಬ ವಾಸನೆ ಹೋಗಲಿಲ್ಲ. ‘ಯಾ ಕೆ’ ಹಾಕಿ ಕೊಡುವ ಕಾರಣ ಕೇಳುಗನಿಗೆ ಹೊಸದಲ್ಲ. ಅದು ಇಬ್ಬರ ಕಣ್ಣ ಮುಂದೆ ಇರುವುದು, ಅಥವಾ ಇದೆ ಎಂದು ಮಾತನಾಡುವವನು ಭಾವಿಸಿರುವುದು. ನಮ್ಮಲ್ಲಿ ‘ಹೇಗೂ ಬಂದಿದ್ದೀರಲ್ಲ, ಊಟ ಮಾಡಿಕೊಂಡೇ ಹೋಗಿ’ ಎನ್ನುತ್ತೇವಲ್ಲ, ಅಲ್ಲಿನ ‘ಹೇಗೂ… ಅಲ್ಲ’ ಮಾಡುವ ಕೆಲಸವೇ ಇದು. ಬಂದವರಿಗೆ ತಾವು ಬಂದಿರುವ ಸುದ್ದಿಯನ್ನು ಯಾರೂ ತಿಳಿಸುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಮುಂದಿಟ್ಟುಕೊಂಡು ಗೊತ್ತಿಲ್ಲದ ಊಟದ ಮಾತಿಗೆ ಬರುತ್ತೇವೆ.

ಇದಕ್ಕೆ ಸಾಕ್ಷಿ ಸ್ಪ್ಯಾನಿಷ್ ಆಡುವವರ ಕಿವಿಯಲ್ಲೇ ಇದೆ. ‘ಪೊರ್ ಕೆ ನೊ ಬಿನಿಸ್ತೆ?’ ಎಂದು, ಅಂದರೆ ‘ಯಾಕೆ ಬರಲಿಲ್ಲ?’ ಎಂದು ಯಾರಾದರೂ ಕೇಳಿದರೆ ‘ಪೊರ್ಕೆ ಎಸ್ತಾಬಾ ಎನ್‌ಫೆರ್ಮೊ’, ಹುಷಾರಿರಲಿಲ್ಲ ಎಂದು ಉತ್ತರಿಸಬಹುದು. ಅದೇ ಉತ್ತರವನ್ನು ‘ಯಾ ಕೆ’ಯಿಂದ ಶುರುಮಾಡುವಂತಿಲ್ಲ. ಕೇಳಿದವನಿಗೆ ಬೇಕಾಗಿರುವುದೇ ಗೊತ್ತಿಲ್ಲದ ಕಾರಣ. ‘ನಿನಗೆ ಗೊತ್ತೇ ಇದೆಯಲ್ಲ’ ಎನ್ನುವ ಪದ ಅಲ್ಲಿ ಹೇಗೆ ನಿಂತೀತು? ಇನ್ನೊಂದು ಪರೀಕ್ಷೆ ನಿಷೇಧದ್ದು. ‘ಅವನು ಅದನ್ನು ಮಾಡಿದ್ದು ಇಷ್ಟವಿತ್ತೆಂದಲ್ಲ, ಅಪ್ಪಣೆಯಾಗಿತ್ತೆಂದು’ ಎನ್ನಬೇಕಾದಾಗ ‘ನೊ ಲೊ ಇಸೊ ಪೊರ್ಕೆ ಕಿಸಿಯೆರಾ, ಸಿನೊ ಪೊರ್ಕೆ ಸೆ ಲೊ ಮಂದಾರೊನ್’ ಎನ್ನುತ್ತಾರೆ. ಇಲ್ಲಿ ಒಂದು ಕಾರಣವನ್ನು ತಳ್ಳಿ ಇನ್ನೊಂದನ್ನು ಇಡಲಾಗಿದೆ. ಎರಡೂ ಕಡೆ ‘ಯಾ ಕೆ’ ಹಾಕಿದರೆ ವಾಕ್ಯ ಮುರಿದು ಬೀಳುತ್ತದೆ. ಒಪ್ಪಿಕೊಂಡದ್ದೆಂದು ಇಟ್ಟ ಮಾತನ್ನು ಅದೇ ಉಸಿರಿನಲ್ಲಿ ಅಲ್ಲಗಳೆಯಲು ಬರುವುದಿಲ್ಲ. ‘ಪೊರ್ಕೆ’ ಕಾರಣವನ್ನು ಚರ್ಚೆಯ ಕಣಕ್ಕೆ ಇಳಿಸುತ್ತದೆ, ‘ಯಾ ಕೆ’ ಅದನ್ನು ಕಣದ ಹೊರಗೆ ಸುರಕ್ಷಿತವಾಗಿ ಕೂರಿಸುತ್ತದೆ.

ಇನ್ನು ಶಿಷ್ಟತೆಯ ಪ್ರಶ್ನೆ. ‘ಯಾ ಕೆ’ ಬರಹದ ಪದವೆಂಬುದೇ ನಿಜವಾಗಿದ್ದರೆ ಅಡುಗೆಮನೆಯಲ್ಲಿ ಅದು ಕೇಳಿಸಬಾರದಿತ್ತು. ಆದರೆ ‘ಯಾ ಕೆ ಬಾಸ್ ಆ ಲಾ ಕೊಸೀನಾ, ತ್ರಾಯೆಮೆ ಆಗ್ವಾ’ ಎನ್ನುವುದು ತೀರಾ ಮನೆಮಾತು: ಹೇಗೂ ಅಡುಗೆಮನೆಗೆ ಹೋಗ್ತಿದ್ದೀಯಲ್ಲ, ನೀರು ತಗೊಂಡು ಬಾ. ವಾಕ್ಯದ ಮೊದಲಿಗೆ ಬಂದು, ಎದುರಿಗೇ ಕಾಣುವ ಸಂಗತಿಯನ್ನು ನೆಪವಾಗಿ ಎತ್ತಿಕೊಂಡಾಗ ಈ ಪದದಲ್ಲಿ ಗ್ರಾಂಥಿಕತೆಯ ಸುಳಿವೂ ಇಲ್ಲ. ಅದೇ ಪದ ಅಲ್ಪವಿರಾಮದ ನಂತರ, ಒಂದು ನಿಲುವನ್ನು ಸಮರ್ಥಿಸಲು ಬಂದಾಗ ಸಂಪಾದಕೀಯದ ಧಾಟಿ ಬರುತ್ತದೆ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಮನೆಯಲ್ಲಿ ಇಬ್ಬರಿಗೂ ಗೊತ್ತಿರುವ ಸಂಗತಿಗಳು ಕಣ್ಣೆದುರಿಗೇ ಇರುತ್ತವೆ. ಬರೆಯುವವನ ಎದುರು ಓದುಗನಿಲ್ಲ. ಇಬ್ಬರಿಗೂ ಗೊತ್ತಿರುವುದು ಇಂಥದ್ದು ಎಂದು ಅವನು ಪದಗಳಿಂದಲೇ ಗುರುತು ಹಾಕಬೇಕು. ಆದ್ದರಿಂದಲೇ ಬರಹದಲ್ಲಿ ಇಂಥ ಪದಗಳು ಹೆಚ್ಚು.

‘ಪುಯೆಸ್ತೊ ಕೆ’ಯ ಬದುಕು ಇನ್ನೂ ಸೋಜಿಗದ್ದು. ಇಂದು ಅದು ‘ಯಾ ಕೆ’ಗಿಂತ ಒಂದು ಮೆಟ್ಟಿಲು ಮೇಲಿನ ಧಾಟಿಯ ‘ಏಕೆಂದರೆ’. ಆದರೆ ಸೆರ್ವಾಂತೆಸ್‌ನ ಕಾಲದಲ್ಲಿ, 1605 ಮತ್ತು 1615ರಲ್ಲಿ ಎರಡು ಭಾಗಗಳಾಗಿ ಬಂದ ‘ದೋನ್ ಕಿಹೋತೆ’ಯಲ್ಲಿ, ಅದನ್ನು ಬಹಳ ಕಡೆ ‘ಆದರೂ’ ಎಂಬರ್ಥದಲ್ಲೇ ಓದಬೇಕಾಗುತ್ತದೆ. ಇಂದಿನ ಅರ್ಥ ಹಚ್ಚಿ ಓದಿದರೆ ವಾಕ್ಯ ತಲೆಕೆಳಗಾಗುತ್ತದೆ. ಕಾರಣ ಹೇಳುವ ಪದವೊಂದು ಹಿಂದೊಮ್ಮೆ ಕಾರಣಕ್ಕೆ ವಿರುದ್ಧವಾದುದನ್ನು ಹೇಳುತ್ತಿದ್ದುದು ಹೇಗೆ? ‘ಪುಯೆಸ್ತೊ’ ಎಂದರೆ ‘ಇಟ್ಟದ್ದು’. ಕನ್ನಡದಲ್ಲೂ ವಾದ ಮಾಡುವಾಗ ‘ಹಾಗೆಂದೇ ಇಟ್ಟುಕೊಳ್ಳೋಣ’ ಎನ್ನುತ್ತೇವೆ. ಹಾಗೆ ಇಟ್ಟುಕೊಂಡ ಮೇಲೆ ಎರಡು ದಾರಿ ತೆರೆಯುತ್ತವೆ: ಇಟ್ಟುಕೊಂಡಿದ್ದರಿಂದ ಇಂಥದ್ದು ಆಗುತ್ತದೆ ಎನ್ನಬಹುದು, ಇಟ್ಟುಕೊಂಡರೂ ಇಂಥದ್ದು ತಪ್ಪುವುದಿಲ್ಲ ಎನ್ನಬಹುದು. ಹಳೆಯ ಸ್ಪ್ಯಾನಿಷ್‌ನಲ್ಲಿ ಎರಡನೆಯ ದಾರಿಯೂ ತೆರೆದಿತ್ತು, ಇಂದು ಉಳಿದಿರುವುದು ಮೊದಲನೆಯದು. ದಿಕ್ಕು ಬದಲಾದರೂ ‘ಇಟ್ಟುಕೊಂಡದ್ದು’ ಎಂಬ ನೆಲೆ ಬದಲಾಗಲಿಲ್ಲ. ‘ಪೊರ್ಕೆ’ಗೂ ಇವಕ್ಕೂ ಇರುವುದು ಬರೀ ಗತ್ತಿನ ಅಂತರವಲ್ಲ ಎಂದು ನಾನು ಹಿಡಿದು ಹೇಳುವುದು ಇದರ ಬಲದಿಂದ.

‘ಪೆರೊ’ ಮತ್ತು ‘ಸಿನ್ ಎಂಬಾರ್ಗೊ’ ಜೋಡಿಯಲ್ಲೂ ಇದೇ ನಡೆಯುತ್ತದೆ. ‘ಸಿನ್’ ಎಂದರೆ ಇಲ್ಲದೆ. ‘ಎಂಬಾರ್ಗೊ’ ಎಂದರೆ ಅಡ್ಡಿ, ತಡೆ. ಕೋರ್ಟು ಆಸ್ತಿಯನ್ನು ಜಪ್ತಿ ಮಾಡುವುದಕ್ಕೆ ಇಂದಿಗೂ ಸ್ಪ್ಯಾನಿಷ್‌ನಲ್ಲಿ ಇದೇ ಪದ. ಹಿಂದೆ ‘ಸಿನ್ ಎಂಬಾರ್ಗೊ ದೆ’ ಎಂದು ಬರೆದು, ಮುಂದೆ ಯಾವುದರ ಅಡ್ಡಿಯೆಂದು ಹೆಸರಿಸುತ್ತಿದ್ದರು. ಈಗ ಅಡ್ಡಿಯ ಹೆಸರು ಬಿದ್ದುಹೋಗಿದೆ. ಹಿಂದಿನ ವಾಕ್ಯ ಪೂರ್ತಿಯೇ ಆ ಅಡ್ಡಿ. ಹಾಗಾಗಿ ಅದರ ಹಿಂದೆ ಸಾಮಾನ್ಯವಾಗಿ ಪೂರ್ಣವಿರಾಮವೋ ಅರ್ಧವಿರಾಮವೋ ಇರಬೇಕು, ಅದರ ಮುಂದೆ ಅಲ್ಪವಿರಾಮ ಬರಬೇಕು. ‘ಪೆರೊ’ದ ನಂತರ ಅಲ್ಪವಿರಾಮ ಹಾಕುವಂತಿಲ್ಲ, ಅದು ತನ್ನ ವಾಕ್ಯದ ತಲೆಯಲ್ಲೇ ಕೂರಬೇಕು. ‘ಸಿನ್ ಎಂಬಾರ್ಗೊ’ ಮಾತ್ರ ಕರ್ತೃಪದ ಮುಗಿದ ಮೇಲೆ, ಎರಡು ಅಲ್ಪವಿರಾಮಗಳ ನಡುವೆಯೂ ಬಂದು ನಿಲ್ಲಬಲ್ಲದು. ಕಲಿಯುವವರ ಬರಹದಲ್ಲಿ ಪದಬದಲಾವಣೆ ಬಯಲಾಗುವುದು ಇಲ್ಲೇ: ‘ಪೆರೊ’ ತೆಗೆದು ‘ಸಿನ್ ಎಂಬಾರ್ಗೊ’ ಹಾಕಿರುತ್ತಾರೆ, ಹಿಂದಿನ ಅಲ್ಪವಿರಾಮ ಮಾತ್ರ ಹಾಗೇ ಉಳಿದಿರುತ್ತದೆ.

ಚಿಹ್ನೆ ಸರಿಪಡಿಸಿದರೂ ಎಲ್ಲ ಕಡೆ ಅದಲುಬದಲು ಸಾಧ್ಯವಿಲ್ಲ. ಊಟಕ್ಕೆ ಎಲ್ಲಿಗೆ ಹೋಗೋಣ ಎಂಬ ಮಾತು ನಡೆದಿದೆ ಎಂದುಕೊಳ್ಳಿ. ‘ಆ ಹೋಟೆಲು ದುಬಾರಿ, ಪೆರೊ ಊಟ ಚೆನ್ನಾಗಿರುತ್ತದೆ’ ಎಂಬುದು ಸಹಜ. ಹೋಗದಿರಲು ಒಂದು ಕಾರಣ, ಹೋಗಲು ಒಂದು ಕಾರಣ. ಎರಡನ್ನೂ ತೂಗಿ ಎರಡನೆಯದೇ ಹೆಚ್ಚು ಎಂದಂತಾಯಿತು. ಅಲ್ಲಿ ‘ಸಿನ್ ಎಂಬಾರ್ಗೊ’ ಇಟ್ಟರೆ ದುಬಾರಿ ಹೋಟೆಲಿನಲ್ಲಿ ಊಟ ಕೆಟ್ಟದಾಗಿರುವುದೇ ರೂಢಿ ಎಂಬ ವಿಚಿತ್ರ ಅರ್ಥದತ್ತ ವಾಕ್ಯ ವಾಲುತ್ತದೆ. ಹಿಂದಿನ ಮಾತು ಹುಟ್ಟಿಸಿದ ನಿರೀಕ್ಷೆ ಸುಳ್ಳಾಯಿತು ಎನ್ನುವುದು ‘ಸಿನ್ ಎಂಬಾರ್ಗೊ’ದ ಕೆಲಸ. ಬರೀ ಎರಡು ಕಡೆಯ ವಾದಗಳನ್ನು ತೂಗುವುದಾದರೆ ಬರಹದಲ್ಲೂ ‘ಪೆರೊ’ವೇ ಸರಿಯಾದ ಪದ. ಎಷ್ಟೇ ಗಂಭೀರವಾದ ಲೇಖನದಲ್ಲೂ ಅದು ಅಲ್ಲಿ ನಿಲ್ಲಲು ನಾಚಬೇಕಿಲ್ಲ.

ಇದನ್ನು ಒಪ್ಪದವರು ಹೇಳುವುದನ್ನೂ ಕೇಳಬೇಕು. ಸ್ಪ್ಯಾನಿಷ್ ಪತ್ರಿಕೆಗಳಲ್ಲೇ ‘ಪೊರ್ಕೆ’ ಎರಡು ಸಲ ಬರದಿರಲಿ ಎಂದು ‘ಯಾ ಕೆ’ ಹಾಕುತ್ತಾರಲ್ಲ ಎನ್ನಬಹುದು. ಹಾಕುತ್ತಾರೆ, ನಿಜ. ಮುಖ್ಯವಾಕ್ಯದ ನಂತರ ಅಲ್ಪವಿರಾಮದೊಂದಿಗೆ ಬಂದಾಗ ಅಂತರ ತೆಳ್ಳಗಾಗುತ್ತದೆ. ಅಲ್ಲಿ ‘ಪೊರ್ಕೆ’ಯೂ ಸಮರ್ಥನೆಯ ಕೆಲಸ ಮಾಡಬಲ್ಲದು. ‘ಮಳೆ ಬಂದಿದೆ, ಪೊರ್ಕೆ ನೆಲ ಒದ್ದೆಯಾಗಿದೆ’ ಎಂದಾಗ ಒದ್ದೆ ನೆಲ ಮಳೆಗೆ ಕಾರಣವಲ್ಲ, ಹಾಗೆಂದು ಹೇಳುವುದಕ್ಕೆ ಆಧಾರ. ಆದರೆ ಅಂತರ ತೆಳುವಾಗುವುದು ಬೇರೆ, ಇಲ್ಲವಾಗುವುದು ಬೇರೆ. ಪ್ರಶ್ನೆಯ ಪರೀಕ್ಷೆ, ನಿಷೇಧದ ಪರೀಕ್ಷೆ ಎರಡೂ ಹಾಗೇ ನಿಂತಿವೆ. ಶಿಷ್ಟತೆ ಎಂಬುದೇ ಸುಳ್ಳೇ ಎಂದು ಕೇಳಿದರೆ, ಖಂಡಿತ ಅಲ್ಲ. ‘ಆದ್ದರಿಂದ’ ಎನ್ನುವ ‘ಪೊರ್ ಕೊನ್ಸಿಗಿಯೆಂತೆ’ಯನ್ನು ಹರಟೆಯಲ್ಲಿ ಬಳಸುವವರು ಅಪರೂಪ, ‘ಆದರೂ’ ಎನ್ನುವ ‘ನೊ ಒಬ್ಸ್ತಾಂತೆ’ಗೆ ಲ್ಯಾಟಿನ್ ಕಾನೂನುಬರಹದ ಬಿಗಿ ಇನ್ನೂ ಅಂಟಿದೆ. ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಸೆರ್ವಾಂತೆಸ್ ಸಂಸ್ಥೆಯ ದೆಲೆಯಂಥ ಪರೀಕ್ಷೆಗೆ ಕೂರುವವನು ಬಗೆಬಗೆಯ ಕೊಂಡಿಪದ ತೋರಿಸಬೇಕಲ್ಲವೇ, ಅವನಿಗೆ ಪಟ್ಟಿಯೇ ಆಸರೆಯಲ್ಲವೇ? ಪಟ್ಟಿ ಇರಲಿ. ಗತ್ತಿನ ಪ್ರಕಾರ ಜೋಡಿಸುವ ಬದಲು ಕೆಲಸದ ಪ್ರಕಾರ ಜೋಡಿಸಿದರೆ ವೈವಿಧ್ಯ ತಾನಾಗಿ ಬರುತ್ತದೆ, ಏಕೆಂದರೆ ಒಂದು ಒಳ್ಳೆಯ ವಾದದಲ್ಲಿ ಕೆಲಸಗಳೇ ಬಗೆಬಗೆಯಾಗಿರುತ್ತವೆ.

ಒಂದು ಉದಾಹರಣೆ ನೋಡೋಣ. ಪ್ರಬಂಧದ ವಿಷಯ: ಊರಿನ ಹಳೆಯ ನಡುಭಾಗಕ್ಕೆ ಕಾರು ಬಿಡಬೇಕೇ? ವಿದ್ಯಾರ್ಥಿ ಬರೆಯುತ್ತಾನೆ: ‘ಕಾರುಗಳನ್ನು ತಡೆಯಬೇಕು, ಯಾ ಕೆ ಇದರಿಂದ ಅಂಗಡಿಗಳಿಗೆ ನಷ್ಟವಾಗುವುದಿಲ್ಲ.’ ವ್ಯಾಕರಣ ಸರಿ, ಶಿಷ್ಟತೆ ಸರಿ, ವಾದ ಮಾತ್ರ ಕುಸಿದಿದೆ. ಅಂಗಡಿಯವರ ಜಗಳ ಇರುವುದೇ ನಷ್ಟದ ಬಗ್ಗೆ; ಅದನ್ನು ಎಲ್ಲರೂ ಒಪ್ಪಿದ ಸಂಗತಿಯೆಂಬಂತೆ ದಾಟಿಸಿದರೆ, ಓದುವ ಅಂಗಡಿಯವನು ‘ನಾನು ಯಾವಾಗ ಒಪ್ಪಿದೆ?’ ಎಂದು ಅಲ್ಲೇ ನಿಲ್ಲುತ್ತಾನೆ. ‘ಪೊರ್ಕೆ’ ಹಾಕಿದ್ದರೆ ಅದು ಕನಿಷ್ಠ ತನ್ನನ್ನು ವಾದವೆಂದು ತೋರಿಸಿಕೊಳ್ಳುತ್ತಿತ್ತು, ಮುಂದಿನ ವಾಕ್ಯದಲ್ಲಿ ಪುರಾವೆ ಕೇಳುತ್ತಿತ್ತು. ‘ಯಾ ಕೆ’ಗೆ ಯಾರೂ ತಕರಾರೆತ್ತದ ಮಾತು ಬೇಕು: ಅಲ್ಲಿನ ಓಣಿಗಳು ಕಿರಿದು, ಎರಡು ಕಾರು ಎದುರಾದರೆ ನಡೆಯುವವರಿಗೆ ಜಾಗವಿಲ್ಲ. ಇನ್ನು ನಷ್ಟದ ಮಾತು. ಅದನ್ನು ಪೂರ್ಣವಿರಾಮದೊಂದಿಗೆ ಅಂಗಡಿಯವರ ಪರವಾಗಿಯೇ ಹೇಳಬೇಕು: ದೂರದಿಂದ ಕಾರಿನಲ್ಲಿ ಬರುತ್ತಿದ್ದ ಗಿರಾಕಿಗಳು ಕಡಿಮೆಯಾಗಬಹುದು, ಆ ಭಯ ನ್ಯಾಯವಾದದ್ದು. ಆಮೇಲೆ ‘ಸಿನ್ ಎಂಬಾರ್ಗೊ’, ಅದರ ಮುಂದೆ ಅಲ್ಪವಿರಾಮ, ಬೀದಿಯಲ್ಲಿ ನಡೆದು ಬರುವ ಗಿರಾಕಿಗಳ ಮಾತು, ಅದಕ್ಕೆ ಬೇಕಾದ ಪುರಾವೆ. ಪುರಾವೆ ಕೈಯಲ್ಲಿಲ್ಲದಿದ್ದರೆ ಆ ವಾಕ್ಯವನ್ನು ಬಿಡಬೇಕಾಗುತ್ತದೆ. ‘ಯಾ ಕೆ’ಯ ಹಿಂದೆ ಅಡಗಿದ್ದಾಗ ಆ ಕೊರತೆ ಬರೆಯುವವನ ಕಣ್ಣಿಗೇ ಬಿದ್ದಿರಲಿಲ್ಲ.