ಚಂದಾ ತಂತ್ರಾಂಶದ ಆದಾಯ: ಲೆಕ್ಕಪರಿಶೋಧಕರು ಎಲ್ಲಿ ನೋಡುತ್ತಾರೆ?

ತಂತ್ರಾಂಶವನ್ನು ಒಮ್ಮೆಗೇ ಮಾರಿಬಿಡದೆ ವಾರ್ಷಿಕ ಚಂದಾ ಪಡೆದು ಬಳಕೆಗೆ ನೀಡುವ ಕಂಪನಿಗೆ ಹಣ ಮೊದಲು ಬರುತ್ತದೆ, ಕೆಲಸ ನಂತರ ನಡೆಯುತ್ತದೆ. ಬಂದ ಹಣದಲ್ಲಿ ಸೇವೆ ಇನ್ನೂ ಸಲ್ಲದ ಭಾಗವು ಆದಾಯವಲ್ಲ, ಗ್ರಾಹಕನಿಗೆ ತೀರಿಸಬೇಕಾದ ಋಣ. ಬ್ಯಾಲೆನ್ಸ್ ಶೀಟಿನ ಹೊಣೆಗಾರಿಕೆಗಳ ನಡುವೆ ಕಾಣುವ ಈ ಮೊತ್ತವೇ ಮುಂದೂಡಿದ ಆದಾಯ. ಇದನ್ನು ಕಡಿಮೆ ತೋರಿಸಿದಷ್ಟೂ ವರ್ಷದ ಲಾಭ ಹೆಚ್ಚಾಗಿ ಕಾಣುತ್ತದೆ.

ಅಮೆರಿಕದ ವರ್ಜೀನಿಯಾದ ಮೈಕ್ರೋಸ್ಟ್ರಾಟಜಿ ಕಂಪನಿಯ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. ಪರವಾನಗಿ ಮತ್ತು ಸೇವೆ ಎರಡೂ ಸೇರಿದ ಒಪ್ಪಂದಗಳ ಆದಾಯವನ್ನು ಅವಧಿಗೆ ಮೊದಲೇ ತೋರಿಸಿದ್ದ ಈ ಕಂಪನಿ 2000ದ ಮಾರ್ಚ್‌ನಲ್ಲಿ ಲೆಕ್ಕಗಳನ್ನು ತಿದ್ದುವುದಾಗಿ ಪ್ರಕಟಿಸಿತು. 1997ರಿಂದ 1999ರವರೆಗೆ ತೋರಿಸಿದ್ದ ಲಾಭ ನಷ್ಟವಾಗಿ ಬದಲಾಯಿತು.

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡ. ಒಪ್ಪಂದದಲ್ಲಿ ನೀಡಿದ ಪ್ರತ್ಯೇಕ ವಾಗ್ದಾನಗಳನ್ನು ಗುರುತಿಸಿ, ಒಟ್ಟು ಬೆಲೆಯನ್ನು ಅವುಗಳಿಗೆ ಹಂಚಿ, ಒಂದೊಂದು ವಾಗ್ದಾನ ಈಡೇರಿದಂತೆ ಅದರ ಪಾಲನ್ನು ಆದಾಯವೆಂದು ಪರಿಗಣಿಸಬೇಕೆನ್ನುವುದು ಅದರ ತಿರುಳು.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಗ್ರಾಹಕನೊಬ್ಬ ಜನವರಿ 1ರಿಂದ ಒಂದು ವರ್ಷದ ಚಂದಾ, ಹಳೆಯ ದತ್ತಾಂಶದ ವರ್ಗಾವಣೆ ಮತ್ತು ಸಿಬ್ಬಂದಿ ತರಬೇತಿ ಮೂರನ್ನೂ ಸೇರಿಸಿ 30 ಲಕ್ಷ ರೂಪಾಯಿ ಮುಂಗಡ ಪಾವತಿಸಿದ್ದಾನೆ. ಒಪ್ಪಂದದಲ್ಲಿ ಚಂದಾಕ್ಕೆ 18 ಲಕ್ಷ, ವರ್ಗಾವಣೆಗೆ 10 ಲಕ್ಷ, ತರಬೇತಿಗೆ 2 ಲಕ್ಷ ಎಂದು ಬರೆದಿದೆ. ಮಾರ್ಚ್ 31ರ ವೇಳೆಗೆ ವರ್ಗಾವಣೆ ಮುಗಿದಿದೆ, ತರಬೇತಿ ನಡೆದಿಲ್ಲ. ಕಂಪನಿಯು ವರ್ಗಾವಣೆಯ 10 ಲಕ್ಷ ಮತ್ತು ಮೂರು ತಿಂಗಳ ಚಂದಾ 4.5 ಲಕ್ಷ ಸೇರಿಸಿ 14.5 ಲಕ್ಷ ಆದಾಯ ತೋರಿಸಿದೆ.

ಒಪ್ಪಂದದಲ್ಲಿ ಬರೆದ ಬೆಲೆಗಳನ್ನು ಲೆಕ್ಕಪರಿಶೋಧಕರು ಹಾಗೆಯೇ ಒಪ್ಪುವುದಿಲ್ಲ. ಬೇಗ ಮುಗಿಯುವ ಕೆಲಸಕ್ಕೆ ಹೆಚ್ಚು ಬೆಲೆ ಬರೆದರೆ ಆದಾಯವೂ ಬೇಗ ಬರುತ್ತದೆ! ಆದ್ದರಿಂದ ಇವುಗಳನ್ನು ಬಿಡಿಯಾಗಿ ಮಾರಿದ ಇತರ ಒಪ್ಪಂದಗಳನ್ನು ಪರಿಶೀಲಿಸಬೇಕು. ಅಲ್ಲಿ ಚಂದಾ 32 ಲಕ್ಷ, ವರ್ಗಾವಣೆ 6 ಲಕ್ಷ, ತರಬೇತಿ 2 ಲಕ್ಷ, ಒಟ್ಟು 40 ಲಕ್ಷ ಎಂದು ಕಂಡುಬಂದಿತೆನ್ನಿ. ಗ್ರಾಹಕನಿಗೆ ದೊರೆತ ಕಾಲುಭಾಗದ ರಿಯಾಯಿತಿಯನ್ನು ಮೂರಕ್ಕೂ ಹಂಚಿದರೆ ಚಂದಾದ ಪಾಲು 24 ಲಕ್ಷ, ವರ್ಗಾವಣೆಯದು 4.5 ಲಕ್ಷ, ತರಬೇತಿಯದು 1.5 ಲಕ್ಷ. ಆಗ ವರ್ಷದ ಆದಾಯ 10.5 ಲಕ್ಷ ಮಾತ್ರ, 19.5 ಲಕ್ಷ ಮುಂದೂಡಿದ ಆದಾಯವಾಗಿ ಉಳಿಯಬೇಕು. ಕಂಪನಿ ಉಳಿಸಿರುವುದು 15.5 ಲಕ್ಷ. ಒಂದೇ ಒಪ್ಪಂದದಲ್ಲಿ 4 ಲಕ್ಷದ ವ್ಯತ್ಯಾಸ.

ವರ್ಗಾವಣೆಯು ನಿಜಕ್ಕೂ ಪ್ರತ್ಯೇಕ ಸೇವೆಯೇ ಎಂಬುದು ಇದಕ್ಕಿಂತ ಕಠಿಣ ಪ್ರಶ್ನೆ. ಬೇರೊಬ್ಬ ತಂತ್ರಜ್ಞರೂ ಅದನ್ನು ಮಾಡಬಲ್ಲರಾದರೆ ಪ್ರತ್ಯೇಕವೆನ್ನಲು ಆಧಾರವಿದೆ. ಆ ಕಂಪನಿಯ ಹೊರತು ಯಾರಿಂದಲೂ ಆಗದು, ಅದಿಲ್ಲದೆ ಚಂದಾದಿಂದ ಉಪಯೋಗವೂ ಇಲ್ಲ ಎಂದಾದರೆ ಎರಡೂ ಒಂದೇ ವಾಗ್ದಾನವೆನಿಸಿ, ಅವುಗಳ 28.5 ಲಕ್ಷವೂ ಹನ್ನೆರಡು ತಿಂಗಳಿಗೆ ಹರಡುತ್ತದೆ. ಆಗ ಮೂರು ತಿಂಗಳ ಆದಾಯ ಸುಮಾರು 7.13 ಲಕ್ಷಕ್ಕೆ ಇಳಿಯುತ್ತದೆ. ಇದನ್ನು ನಿರ್ಧರಿಸಲು ಲೆಕ್ಕಪುಸ್ತಕ ಸಾಲದು, ಕೆಲಸ ಮಾಡಿದ ತಂತ್ರಜ್ಞರೊಡನೆ ಮಾತನಾಡಬೇಕು.

ಆರಂಭದ ಬಾಕಿಗೆ ವರ್ಷದ ಬಿಲ್ಲುಗಳನ್ನು ಕೂಡಿಸಿ, ಆದಾಯವನ್ನು ಕಳೆದು, ಅಂತ್ಯದ ಬಾಕಿಗೆ ತಾಳೆ ನೋಡುವ ಪಟ್ಟಿಯನ್ನು ಕಂಪನಿಗಳು ಸಿದ್ಧಪಡಿಸಿ ಕೊಡುತ್ತವೆ. ಅದು ತಾಳೆಯಾದ ಮಾತ್ರಕ್ಕೆ ತೃಪ್ತಿಪಡುವಂತಿಲ್ಲ, ಏಕೆಂದರೆ ಆದಾಯ ತಪ್ಪಾಗಿದ್ದರೂ ಕೂಡು-ಕಳೆ ಸರಿಯಾಗಿಯೇ ಇರುತ್ತದೆ. ಪರೀಕ್ಷೆಯ ದಿಕ್ಕೂ ಮುಖ್ಯ. ಬಾಕಿಯ ಪಟ್ಟಿಯಿಂದ ಒಪ್ಪಂದಗಳನ್ನು ಆರಿಸಿದರೆ ಪಟ್ಟಿಯಲ್ಲಿ ಇಲ್ಲದ್ದು ಎಂದೂ ಸಿಗದು. ಬಾಕಿ ಕಡಿಮೆಯಿದೆಯೆಂಬ ಶಂಕೆಯಿರುವಾಗ ಸಹಿಯಾದ ಒಪ್ಪಂದಗಳಿಂದ ಹೊರಟು ಬಾಕಿಯತ್ತ ಬರಬೇಕು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಇನ್ನೂ ಶುರುವಾಗದ, ಗ್ರಾಹಕ ರದ್ದುಪಡಿಸಬಹುದಾದ ಅವಧಿಗೆ ಮಾರ್ಚ್ ಕೊನೆಯಲ್ಲಿ ಬಿಲ್ಲು ಬರೆದು, ಒಂದೆಡೆ ಬರಬೇಕಾದ ಹಣ, ಇನ್ನೊಂದೆಡೆ ಮುಂದೂಡಿದ ಆದಾಯ ಎರಡನ್ನೂ ಉಬ್ಬಿಸಲಾಗುತ್ತದೆ. ಲಾಭ ಬದಲಾಗುವುದಿಲ್ಲ, ಆದರೆ ಮುಂದಿನ ವ್ಯಾಪಾರ ಭರ್ಜರಿಯಾಗಿದೆಯೆಂದು ಹೂಡಿಕೆದಾರರು ಭಾವಿಸುತ್ತಾರೆ. ಬಿಲ್ಲಿನ ಜಿಎಸ್‌ಟಿಯನ್ನೂ ಬಾಕಿಗೆ ಸೇರಿಸಿರುವುದು ಇಂತಹುದೇ ಇನ್ನೊಂದು ತಪ್ಪು; ಅದು ಸರ್ಕಾರಕ್ಕೆ ಸಲ್ಲಬೇಕಾದ ಹಣ.

ದಿನಾಂಕಗಳ ಪರಿಶೀಲನೆಯಲ್ಲಿ ಒಪ್ಪಂದದ ದಿನಕ್ಕಿಂತ ಗ್ರಾಹಕನಿಗೆ ಲಾಗಿನ್ ದೊರೆತ ದಿನವೇ ಪ್ರಮಾಣ. ಮೇಲಿನ ಉದಾಹರಣೆಯಲ್ಲಿ ಲಾಗಿನ್ ಕೊಟ್ಟಿದ್ದು ಫೆಬ್ರವರಿ 1ರಂದು, ವರ್ಷದ ಎಣಿಕೆಯೂ ಅಂದಿನಿಂದಲೇ ಎಂದಾದರೆ, ಮಾರ್ಚ್ ಅಂತ್ಯಕ್ಕೆ ಚಂದಾದ ಆದಾಯ 6 ಲಕ್ಷವಲ್ಲ, 4 ಲಕ್ಷ. ಸರ್ವರ್ ದಾಖಲೆಯಲ್ಲಿ ಇದು ಸ್ಪಷ್ಟವಾಗಿ ಸಿಗುತ್ತದೆ.

ದಾಖಲೆಯಲ್ಲಿ ಸಿಗದಿರುವುದು ಮಾರಾಟ ಸಿಬ್ಬಂದಿ ಪ್ರತ್ಯೇಕ ಪತ್ರ ಅಥವಾ ಇ-ಮೇಲ್ ಮೂಲಕ ಕೊಟ್ಟ ಮಾತು: ಬೇಡವಾದರೆ ಹಣ ವಾಪಸ್, ಮುಂದಿನ ಆವೃತ್ತಿ ಉಚಿತ, ಇತ್ಯಾದಿ. ಆದ್ದರಿಂದ ಗ್ರಾಹಕರಿಗೆ ನೇರವಾಗಿ ಪತ್ರ ಬರೆದು ದೃಢೀಕರಣ ಪಡೆಯುವಾಗ ಮೊತ್ತವನ್ನಷ್ಟೇ ಕೇಳದೆ, ಒಪ್ಪಂದದ ಹೊರಗೆ ಬೇರಾವ ಷರತ್ತಾದರೂ ಇದೆಯೇ ಎಂದೂ ಕೇಳಬೇಕಾಗುತ್ತದೆ. ಉತ್ತರ ಬಾರದಿದ್ದಲ್ಲಿ ಏಪ್ರಿಲ್, ಮೇ ತಿಂಗಳ ಕ್ರೆಡಿಟ್ ನೋಟುಗಳನ್ನು ಒಂದೊಂದಾಗಿ ನೋಡುವುದು ಉಪಯುಕ್ತ. ಮಾರ್ಚ್‌ನಲ್ಲಿ ಮಾರಿದ್ದನ್ನು ಮೇ ತಿಂಗಳಲ್ಲಿ ಏಕೆ ಹಿಂದಕ್ಕೆ ಪಡೆಯಲಾಯಿತೆಂಬ ವಿವರಣೆ ಅಲ್ಲಿ ದೊರೆಯುತ್ತದೆ.